ಚೀಟಿಯಲ್ಲಿ 3.9, ಲೆಕ್ಕದಲ್ಲಿ 3.8: ತಂಡದ ಒಪ್ಪಂದವೊಂದರ ಪ್ರಕರಣ

ಇದು ಕರ್ನಾಟಕದ ಒಂದು ಜಿಲ್ಲಾ ಹಾಲು ಒಕ್ಕೂಟದಲ್ಲಿ ನಡೆದ ಕೆಲಸದ ಕಥೆ. ಒಕ್ಕೂಟದ ಹೆಸರು, ಊರು, ಜನರ ಗುರುತು ಎಲ್ಲ ಬಿಟ್ಟಿದ್ದೇನೆ. ಗುರುತು ಸಿಗದಿರಲಿ ಅಂತ ಕೆಲವು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮಾತ್ರ ಬದಲಿಸಿಲ್ಲ. ಈ ಪ್ರಕರಣ ಬರೆಯುತ್ತಿರುವುದೇ ಅದಕ್ಕಾಗಿ.

ಹಿನ್ನೆಲೆ

ಹಳ್ಳಿಯ ಡೇರಿಯಲ್ಲಿ ಬೆಳಗ್ಗೆ ಮತ್ತು ಸಂಜೆ ಹಾಲು ಹಾಕುತ್ತಾರೆ. ಹಾಲಿನ ಅಳತೆ ಒಂದು ಕಡೆ, ಗುಣಮಟ್ಟ ಇನ್ನೊಂದು ಕಡೆ. ಗುಣಮಟ್ಟ ಅಂದರೆ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಮತ್ತು ಕೊಬ್ಬಲ್ಲದ ಘನಪದಾರ್ಥ. ಈ ಎರಡನ್ನು ದರಪಟ್ಟಿಯಲ್ಲಿ ಹುಡುಕಿ ಲೀಟರಿಗೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಈ ಒಕ್ಕೂಟದ ಅನೇಕ ಡೇರಿಗಳಲ್ಲಿ ಇದೆಲ್ಲ ಕೈಬರಹದಲ್ಲೇ ನಡೆಯುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬಟವಾಡೆ.

ಒಕ್ಕೂಟ ಇದನ್ನು ಬದಲಿಸಲು ಹೊರಟಿತು. ಪರೀಕ್ಷೆಯ ಯಂತ್ರ, ತೂಕದ ಯಂತ್ರ, ಒಂದು ಸಣ್ಣ ಕಂಪ್ಯೂಟರ್, ಒಂದು ಪ್ರಿಂಟರ್ ಇವನ್ನೆಲ್ಲ ಜೋಡಿಸಬೇಕು. ಹಾಲು ಹಾಕಿದ ತಕ್ಷಣ ಚೀಟಿ ಅಚ್ಚಾಗಿ ಕೈಗೆ ಬರಬೇಕು. ಲೆಕ್ಕ ಒಕ್ಕೂಟಕ್ಕೆ ಹೋಗಬೇಕು, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರಬೇಕು. ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ನಮ್ಮ ಕಂಪನಿಗೆ ಬಂತು. ಯೋಜನೆಯ ಹೊಂದಾಣಿಕೆ ನನ್ನ ಜವಾಬ್ದಾರಿ.

ತಂಡದಲ್ಲಿ ಒಂಬತ್ತು ಜನ. ನಮ್ಮ ಕಡೆಯಿಂದ ನಾನು, ಇಬ್ಬರು ಡೆವಲಪರ್‌ಗಳು, ಒಬ್ಬ ಟೆಸ್ಟರ್. ಒಕ್ಕೂಟದ ಕಡೆಯಿಂದ ಶೇಖರಣಾ ವಿಭಾಗದ ಉಪ ವ್ಯವಸ್ಥಾಪಕರು, ಇಬ್ಬರು ವಿಸ್ತರಣಾಧಿಕಾರಿಗಳು, ಲೆಕ್ಕಪತ್ರ ವಿಭಾಗದ ಒಬ್ಬರು. ಯಂತ್ರ ಪೂರೈಸಿದವರ ಕಡೆಯಿಂದ ಒಬ್ಬ ಎಂಜಿನಿಯರ್. ಮೂರು ಸಂಸ್ಥೆ, ಮೂರು ಸಂಬಳದ ಪಟ್ಟಿ, ಮೂರು ಥರದ ಕೆಲಸದ ಹೊತ್ತು. ಒಬ್ಬರು ಇನ್ನೊಬ್ಬರಿಗೆ ಬಾಸ್ ಅಲ್ಲ. ಇಂಥ ತಂಡದಲ್ಲಿ ಯಾರ ಮಾತು ಕೊನೆಯ ಮಾತು ಅನ್ನುವುದು ತಾನಾಗಿ ಗೊತ್ತಾಗುವುದಿಲ್ಲ.

ಮೊದಲು ನಾಲ್ಕು ಡೇರಿಗಳಲ್ಲಿ ಪ್ರಯೋಗ, ಆಮೇಲೆ ಅರವತ್ತು ಡೇರಿಗಳಿಗೆ ವಿಸ್ತರಣೆ ಅನ್ನುವುದು ಲೆಕ್ಕಾಚಾರ.

ಮೊದಲ ಚಾರ್ಟರ್

ಪ್ರಯೋಗದ ಹಂತವನ್ನು ಶುರು ಮಾಡುವ ಕಿಕಾಫ್ ಸಭೆಯಲ್ಲೂ ನಾವು ಟೀಮ್ ಚಾರ್ಟರ್, ಅಂದರೆ ತಂಡದ ಒಪ್ಪಂದ, ಮಾಡಿದ್ದೆವು. ಇದನ್ನು ಮುಚ್ಚಿಡುವುದಿಲ್ಲ. ಹಿಂದಿನ ಯಾವುದೋ ಕೆಲಸದ ಚಾರ್ಟರ್ ತೆಗೆದು, ಹೆಸರು ಬದಲಿಸಿ, ಒಂದು ಪುಟದಲ್ಲಿ ಅಚ್ಚು ಹಾಕಿಸಿ ತಂದಿದ್ದೆ. ಪರಸ್ಪರ ಗೌರವ, ಸಮಯಪಾಲನೆ, ಮುಕ್ತ ಸಂವಹನ, ಒಟ್ಟಾಗಿ ತೀರ್ಮಾನ. ಊಟದ ನಂತರ ಇಪ್ಪತ್ತು ನಿಮಿಷದಲ್ಲಿ ಓದಿ ಹೇಳಿದೆ. ಎಲ್ಲರೂ ಸಹಿ ಹಾಕಿದರು. ಫೋಟೋ ತೆಗೆಸಿಕೊಂಡೆವು.

ಯೋಜನೆಯ ಚಾರ್ಟರ್ ಬೇರೆ, ತಂಡದ ಚಾರ್ಟರ್ ಬೇರೆ. ಯೋಜನೆಯ ಚಾರ್ಟರನ್ನು ಹಣ ಕೊಡುವವರು ಕೊಡುತ್ತಾರೆ: ಈ ಕೆಲಸ ಆಗಬೇಕು, ಇಷ್ಟು ದುಡ್ಡು, ಇವರಿಗೆ ಅಧಿಕಾರ. ತಂಡದ ಚಾರ್ಟರನ್ನು ತಂಡವೇ ಕೂತು ಮಾಡಬೇಕು: ನಾವು ಯಾಕೆ ಸೇರಿದ್ದೇವೆ, ಹೇಗೆ ಕೆಲಸ ಮಾಡುತ್ತೇವೆ, ಯಾವುದನ್ನು ಯಾರು ತೀರ್ಮಾನಿಸುತ್ತಾರೆ. ನಾನು ತಂದದ್ದು ಎರಡನೆಯದರ ಹೆಸರಿನ ಕಾಗದ. ಆದರೆ ಅದನ್ನು ಮಾಡಿದವಳು ನಾನೊಬ್ಬಳೇ.

ಸಮಸ್ಯೆ

ಪ್ರಯೋಗ ಶುರುವಾದ ಮೇಲೆ ಮೊದಲ ಬಟವಾಡೆ ಬಂತು. ಎರಡನೇ ದಿನವೇ ಒಂದು ಡೇರಿಯಲ್ಲಿ ಗಲಾಟೆ. ಒಬ್ಬ ಹೆಂಗಸು ಹದಿನೈದು ದಿನದ ಚೀಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದರು. ಮಗಳ ಕೈಯಲ್ಲಿ ಲೆಕ್ಕ ಹಾಕಿಸಿದ್ದರು. ಚೀಟಿಯ ಲೆಕ್ಕಕ್ಕೂ ಬ್ಯಾಂಕಿಗೆ ಬಂದ ಹಣಕ್ಕೂ ತಾಳೆ ಇಲ್ಲ. ಅವರು ಡೇರಿಯ ಸೆಕ್ರೆಟರಿಯನ್ನು ಕೇಳಿದರು. ಸೆಕ್ರೆಟರಿ ಬಳಿ ಉತ್ತರ ಇರಲಿಲ್ಲ. ಸಂಜೆ ಹೊತ್ತಿಗೆ ಸಾಲಿನಲ್ಲಿ ನಿಂತವರೆಲ್ಲ ತಮ್ಮ ತಮ್ಮ ಚೀಟಿ ಹಿಡಿದು ನಿಂತರು.

ಆದದ್ದು ಇಷ್ಟು. ಯಂತ್ರ ಫ್ಯಾಟನ್ನು ಎರಡು ದಶಮಾಂಶದವರೆಗೆ ತೋರಿಸುತ್ತದೆ, ಉದಾಹರಣೆಗೆ 3.87. ದರಪಟ್ಟಿಯಲ್ಲಿ ಇರುವುದು ಒಂದೇ ದಶಮಾಂಶ. ಚೀಟಿ ಅಚ್ಚು ಹಾಕುವ ಪ್ರೋಗ್ರಾಂ ಯಂತ್ರದವರದ್ದು. ಅದು ಹತ್ತಿರದ ಅಂಕಿಗೆ ಏರಿಸಿ 3.9 ಅಂತ ಅಚ್ಚು ಹಾಕಿತು. ಬಿಲ್ಲಿನ ಸಾಫ್ಟ್‌ವೇರ್ ನಮ್ಮದು. ಅದು ಎರಡನೇ ಅಂಕಿಯನ್ನು ಬಿಟ್ಟು 3.8 ಅಂತ ತೆಗೆದುಕೊಂಡಿತು.

ಹಣದ ಲೆಕ್ಕ ನೋಡೋಣ. ಅಲ್ಲಿ 0.1 ಫ್ಯಾಟ್‌ಗೆ ಲೀಟರಿಗೆ ಸುಮಾರು 20 ಪೈಸೆ ವ್ಯತ್ಯಾಸ. ದಿನಕ್ಕೆ 20 ಲೀಟರ್ ಹಾಕುವ ಮನೆಯವರು ಹದಿನೈದು ದಿನಕ್ಕೆ 300 ಲೀಟರ್ ಹಾಕುತ್ತಾರೆ. ಎರಡನೇ ಅಂಕಿ 5 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಮಾತ್ರ ವ್ಯತ್ಯಾಸ ಬರುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ. 150 ಲೀಟರಿಗೆ 20 ಪೈಸೆ ಅಂದರೆ 30 ರೂಪಾಯಿ. ಮೊತ್ತ ದೊಡ್ಡದಲ್ಲ. ಆದರೆ ಕೈಯಲ್ಲಿರುವ ಚೀಟಿ ಒಂದು ಹೇಳುತ್ತದೆ, ಪಾಸ್‌ಬುಕ್ ಇನ್ನೊಂದು ಹೇಳುತ್ತದೆ. ಹಾಲು ಹಾಕುವವರ ದೃಷ್ಟಿಯಲ್ಲಿ ಅದು ಕಳ್ಳತನವೇ. ಆ ಸಿಟ್ಟು ನ್ಯಾಯವಾಗಿಯೇ ಇತ್ತು.

ನಾನು ಹಿಂದಕ್ಕೆ ಹೋಗಿ ನೋಡಿದೆ. ಎರಡನೇ ಅಂಕಿ ಬಿಡಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ನಮ್ಮ ಡೆವಲಪರ್ ಲೆಕ್ಕಪತ್ರದವರಿಗೆ ಫೋನ್ ಮಾಡಿದ್ದ. ಅವರು "ನಾವು ಯಾವಾಗಲೂ ಬಿಡುವುದೇ, ಬಿಟ್ಟುಬಿಡಿ" ಅಂದಿದ್ದರು. ಅವನು ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದ: "ಫ್ಯಾಟ್‌ನ ಎರಡನೇ ಅಂಕಿ ಬಿಡ್ತಾ ಇದೀವಿ, ಓಕೆನಾ?" ಮೂರು ಥಂಬ್ಸ್ ಅಪ್ ಬಂದಿದ್ದವು. ಅದರಲ್ಲಿ ಒಂದು ಉಪ ವ್ಯವಸ್ಥಾಪಕರದ್ದು. ಅವನು ಅದನ್ನು ಒಪ್ಪಿಗೆ ಅಂದುಕೊಂಡ. ಉಪ ವ್ಯವಸ್ಥಾಪಕರನ್ನು ಕೇಳಿದೆ. "ನೋಡಿದೆ ಅಂತ ಹಾಕಿದ್ದು ಮೇಡಂ, ಸರಿ ಅಂತ ಅಲ್ಲ" ಅಂದರು. ಯಂತ್ರದ ಎಂಜಿನಿಯರ್ ಆ ಮೆಸೇಜನ್ನು ನೋಡಿಯೇ ಇರಲಿಲ್ಲ. ವಿಸ್ತರಣಾಧಿಕಾರಿಗಳಲ್ಲಿ ಒಬ್ಬರು ನೋಡಿದ್ದರು. ಚೀಟಿಯಲ್ಲಿ ಬೇರೆ ಬರುತ್ತದೆ ಅಂತ ಅವರಿಗೆ ಗೊತ್ತೂ ಇತ್ತು. ಆದರೆ ಮೇಲಿನವರು ಥಂಬ್ಸ್ ಅಪ್ ಹಾಕಿದ ಮೇಲೆ ನಾನೇನು ಹೇಳಲಿ ಅಂತ ಸುಮ್ಮನಾಗಿದ್ದರು.

ಯಾರೂ ಕೆಟ್ಟ ಕೆಲಸ ಮಾಡಿರಲಿಲ್ಲ. ಎಲ್ಲರೂ ಚಾರ್ಟರಿನಂತೆ 'ಒಟ್ಟಾಗಿ ತೀರ್ಮಾನ' ಮಾಡಿದ್ದೇವೆ ಅಂತಲೇ ನಂಬಿದ್ದರು. ಆ ಎರಡು ಪದಗಳಿಗೆ ಒಂಬತ್ತು ಜನರ ಮನಸ್ಸಿನಲ್ಲಿ ಒಂಬತ್ತು ಅರ್ಥ ಇತ್ತು.

ಒಕ್ಕೂಟ ಆ ನಾಲ್ಕು ಡೇರಿಗಳಿಗೆ ವ್ಯತ್ಯಾಸದ ಹಣ ಕೊಟ್ಟಿತು. ಎರಡನೇ ಹಂತವನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ಆ ತಿಂಗಳನ್ನು ನಾನು ಹೊಸ ಕಿಕಾಫ್‌ಗೆ ಬಳಸಿಕೊಂಡೆ.

ಸಭೆಗೆ ಮೊದಲೇ ಮಾಡಿದ ಕೆಲಸ

ಈ ಸಲ ಕಾಗದ ಮುಟ್ಟುವ ಮೊದಲು ಎಂಟು ಜನರನ್ನೂ ಒಬ್ಬೊಬ್ಬರಾಗಿ ಭೇಟಿ ಮಾಡಿದೆ. ತಲಾ ಅರ್ಧ ಗಂಟೆ. ಮೂರೇ ಪ್ರಶ್ನೆ. ಕೆಲಸ ಮುಗಿದ ದಿನ ಏನು ಕಂಡರೆ ನೀವು ಗೆದ್ದೆವು ಅನ್ನುತ್ತೀರಿ? ಹೋದ ಸಲ ನಿಮಗೆ ನೋವಾದದ್ದು ಯಾವುದು? ಈ ಹತ್ತು ವಿಷಯಗಳಲ್ಲಿ ಯಾವುದರ ತೀರ್ಮಾನ ನಿಮ್ಮದು ಅಂತ ನಿಮಗೆ ಅನ್ನಿಸುತ್ತದೆ?

ಮೂರನೆಯ ಪ್ರಶ್ನೆಯೇ ನಿಜವಾದ ಕೆಲಸ ಮಾಡಿತು. ಹತ್ತು ವಿಷಯಗಳ ಪಟ್ಟಿಯನ್ನು ಹಿಂದಿನ ಹಂತದಲ್ಲಿ ನಿಜವಾಗಿ ಎದುರಾದ ಗೊಂದಲಗಳಿಂದಲೇ ತೆಗೆದಿದ್ದೆ. ಫ್ಯಾಟ್ ಅಂಕಿಯನ್ನು ಹೇಗೆ ತೆಗೆದುಕೊಳ್ಳಬೇಕು, ಯಂತ್ರ ಕೆಟ್ಟರೆ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕೋ ಬೇಡವೋ, ಯಾವ ಊರು ಮೊದಲು, ಚೀಟಿಯಲ್ಲಿ ಏನೇನು ಅಚ್ಚಾಗಬೇಕು, ಹೀಗೆ. ಉತ್ತರಗಳನ್ನು ಒಂದು ಕೋಷ್ಟಕದಲ್ಲಿ ಇಟ್ಟೆ. ಫ್ಯಾಟ್ ಅಂಕಿಯ ಎದುರು ಮೂರು ಜನ "ನನ್ನದು" ಅಂದಿದ್ದರು. ಯಂತ್ರ ಕೆಟ್ಟರೆ ಏನು ಅನ್ನುವುದರ ಎದುರು ಒಬ್ಬರೂ "ನನ್ನದು" ಅಂದಿರಲಿಲ್ಲ.

ಒಂದು ತೀರ್ಮಾನಕ್ಕೆ ಮೂರು ಯಜಮಾನರಿದ್ದರೆ ಜಗಳ ಬರುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಯಜಮಾನರೇ ಇಲ್ಲದ ತೀರ್ಮಾನ ಯಾರಿಗೂ ಕಾಣುವುದಿಲ್ಲ. ಅದು ಬೆಳಗ್ಗೆ ಆರು ಗಂಟೆಗೆ, ಸಾಲಿನಲ್ಲಿ ಜನ ನಿಂತಾಗ, ಸೆಕ್ರೆಟರಿಯ ತಲೆ ಮೇಲೆ ಬಂದು ಬೀಳುತ್ತದೆ. ನನಗೆ ಹೆಚ್ಚು ಹೆದರಿಕೆಯಾದದ್ದು ಆ ಖಾಲಿ ಸಾಲನ್ನು ನೋಡಿಯೇ.

ಸಭೆಯ ದಿನ

ಒಕ್ಕೂಟದ ತರಬೇತಿ ಕೊಠಡಿಯಲ್ಲಿ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಕೂತೆವು. ಉಪ ವ್ಯವಸ್ಥಾಪಕರನ್ನು ಹಿಂದಿನ ದಿನವೇ ಕೇಳಿಕೊಂಡಿದ್ದೆ, ಪ್ರತಿ ವಿಷಯದಲ್ಲಿ ನೀವು ಕೊನೆಗೆ ಮಾತಾಡಿ ಅಂತ. ಅವರು ಮೊದಲು ಮಾತಾಡಿದರೆ ವಿಸ್ತರಣಾಧಿಕಾರಿಗಳು ಬೇರೆ ಮಾತು ಆಡುವುದಿಲ್ಲ. ಅದು ಹೆದರಿಕೆ ಅಂತ ಅಲ್ಲ, ನಮ್ಮ ಕಚೇರಿಗಳ ರೂಢಿ. ಅವರು ನಕ್ಕು ಒಪ್ಪಿಕೊಂಡರು, ಮಾತು ಉಳಿಸಿಕೊಂಡರು ಕೂಡ.

ಮೊದಲು ಉದ್ದೇಶ. ಬಂದ ಕರಡು ಹೀಗಿತ್ತು: "ಆರು ತಿಂಗಳಲ್ಲಿ 60 ಸಂಘಗಳಲ್ಲಿ ಯಂತ್ರ ಅಳವಡಿಸುವುದು." ನಾನು ಒಂದು ಪ್ರಶ್ನೆ ಇಟ್ಟೆ. ಐದನೇ ತಿಂಗಳ ಕೊನೆ. 50 ಡೇರಿ ಆಗಿವೆ, ಅದರಲ್ಲಿ ಆರು ಕಡೆ ಚೀಟಿಗೂ ಹಣಕ್ಕೂ ತಾಳೆ ಆಗುತ್ತಿಲ್ಲ. ಹೊಸ ಡೇರಿಗೆ ಹೋಗುತ್ತೀರೋ, ಆ ಆರನ್ನು ಸರಿ ಮಾಡುತ್ತೀರೋ? ಕರಡಿನ ಪ್ರಕಾರ ಮುಂದಕ್ಕೆ ಹೋಗಬೇಕು. ಯಾರಿಗೂ ಅದು ಸರಿ ಅನ್ನಿಸಲಿಲ್ಲ. ಲೆಕ್ಕಪತ್ರದವರು ಆಗ ಹೇಳಿದ ಮಾತೇ ಕೊನೆಗೆ ಉದ್ದೇಶವಾಯಿತು: "ಹಾಲು ಹಾಕಿದವರ ಕೈಯಲ್ಲಿರುವ ಚೀಟಿಯೂ ಅವರ ಖಾತೆಗೆ ಬಂದ ಹಣವೂ ಒಂದೇ ಆಗಿರಬೇಕು. ಹಾಗೆ ಆದ ಡೇರಿಯನ್ನು ಮಾತ್ರ ಮುಗಿದ ಡೇರಿ ಅಂತ ಎಣಿಸುತ್ತೇವೆ."

ಎರಡು ಒಳ್ಳೆಯ ಕೆಲಸಗಳ ನಡುವೆ ಆರಿಸಬೇಕಾದಾಗ ಉದ್ದೇಶದ ಸಾಲು ಸಹಾಯಕ್ಕೆ ಬರುತ್ತದೋ ಇಲ್ಲವೋ ನೋಡಬೇಕು. ಬರದಿದ್ದರೆ ಅದು ಬರೀ ಗೋಡೆ ಬರಹ. ಇದರ ಕೆಳಗೆ ಏನು ಮಾಡುವುದಿಲ್ಲ ಅಂತಲೂ ಎರಡು ಸಾಲು ಬರೆದೆವು: ಮೊಬೈಲ್ ಆ್ಯಪ್ ಇಲ್ಲ, ಪಶು ವಿಮೆಯ ಮಾಹಿತಿ ಜೋಡಣೆ ಇಲ್ಲ.

ಆಮೇಲೆ ಕೆಲಸದ ರೀತಿ. ಇಲ್ಲಿ ಒಂದು ಬಿಸಿ ಚರ್ಚೆ ಆಯಿತು. ಅಲ್ಲಿ ಹಾಲು ಹಾಕುವ ಹೊತ್ತು ಬೆಳಗ್ಗೆ ಸುಮಾರು ಆರರಿಂದ ಎಂಟು. ನಮ್ಮ ಡೆವಲಪರ್‌ಗಳು ಬೆಂಗಳೂರಿನಲ್ಲಿ ಕೂತು ಹತ್ತು ಗಂಟೆಗೆ ಲಾಗಿನ್ ಆಗುತ್ತಾರೆ. ಕಿರಿಯ ವಿಸ್ತರಣಾಧಿಕಾರಿ ಮೊದಲ ಸಲ ದನಿ ಏರಿಸಿದರು. "ಸಾರ್, ಆರು ಕಾಲಿಗೆ ಯಂತ್ರ ನಿಂತಿತು. ನಾನು ಇವರಿಗೆ ಹನ್ನೊಂದು ಸಲ ಫೋನ್ ಮಾಡಿದೆ. ನಲವತ್ತು ಜನ ಹಾಲು ಹಿಡಿದು ನಿಂತಿದ್ದರು. ನಿಮ್ಮ ಹತ್ತು ಗಂಟೆಗೆ ಆ ಹಾಲು ಒಡೆದಿರುತ್ತೆ." ಡೆವಲಪರ್ ಹೇಳಿದ್ದೂ ಸುಳ್ಳಲ್ಲ: "ರಾತ್ರಿ ಹನ್ನೆರಡರವರೆಗೆ ಕೆಲಸ ಮಾಡಿ ಬೆಳಗ್ಗೆ ಐದೂವರೆಗೆ ಎದ್ದು ಕೂರೋಕೆ ಆಗಲ್ಲ ಸಾರ್. ದಿನಾ ಆಗಲ್ಲ."

ಒಂದು ಗಂಟೆ ಇದೇ ನಡೆಯಿತು. ಪಾಳಿ ಹಾಕಿ ನೋಡಿದೆವು. ನಾಲ್ಕು ಜನ, ವಾರಕ್ಕೊಬ್ಬರು, ಬೆಳಗ್ಗೆ ಐದೂವರೆಯಿಂದ ಎಂಟೂವರೆ, ಆ ವಾರ ಅವರು ಮಧ್ಯಾಹ್ನ ಮೂರಕ್ಕೆ ಎದ್ದು ಹೋಗಬಹುದು. ಆದರೂ ಫೋನ್ ಎತ್ತಿದ ಮಾತ್ರಕ್ಕೆ ಯಂತ್ರ ಓಡುವುದಿಲ್ಲ. ಆಗ ಯಂತ್ರದ ಎಂಜಿನಿಯರ್ ಕೇಳಿದ ಒಂದು ಪ್ರಶ್ನೆ ದಾರಿ ಬಿಡಿಸಿತು. "ಯಂತ್ರ ಸರಿಯಾಗುವವರೆಗೆ ಕಾಯಬೇಕು ಅಂತ ಯಾರು ಹೇಳಿದರು?" ನಿಜ, ಯಾರೂ ಹೇಳಿರಲಿಲ್ಲ. ಕೈಚೀಟಿ ಪುಸ್ತಕ ಎಲ್ಲ ಡೇರಿಯಲ್ಲೂ ಇತ್ತು. ಅದನ್ನು ತೆರೆಯುವ ಅಧಿಕಾರ ತನಗಿದೆ ಅಂತ ಸೆಕ್ರೆಟರಿಗೆ ಗೊತ್ತಿರಲಿಲ್ಲ, ಅಷ್ಟೇ. ಕೋಷ್ಟಕದ ಖಾಲಿ ಸಾಲು ತುಂಬಿತು: "ಯಂತ್ರ ಹತ್ತು ನಿಮಿಷದಲ್ಲಿ ಸರಿಹೋಗದಿದ್ದರೆ ಸೆಕ್ರೆಟರಿ ಯಾರನ್ನೂ ಕೇಳದೆ ಕೈಚೀಟಿಗೆ ಹೋಗಬಹುದು. ಯಾರೂ ಅವರನ್ನು ಆಮೇಲೆ ಪ್ರಶ್ನಿಸುವಂತಿಲ್ಲ." ತಂಡದಲ್ಲೇ ಇಲ್ಲದ ಒಬ್ಬರಿಗೆ ತಂಡ ಅಧಿಕಾರ ಬಿಟ್ಟುಕೊಟ್ಟಿತು. ಕೆಲಸ ನಿಲ್ಲುವ ಜಾಗದಲ್ಲಿ ಇರುವವರು ಅವರೇ ಅಲ್ವಾ?

ತೀರ್ಮಾನದ ನಿಯಮಗಳು

ಮಧ್ಯಾಹ್ನ ಇದಕ್ಕೇ ಇಟ್ಟುಕೊಂಡಿದ್ದೆ. ಮೊದಲ ಕರಡಿನಲ್ಲಿ ಹಣಕ್ಕೆ ಸಂಬಂಧಿಸಿದ ಎಲ್ಲ ತೀರ್ಮಾನ ಉಪ ವ್ಯವಸ್ಥಾಪಕರದ್ದು, ಎರಡು ದಿನದಲ್ಲಿ ಉತ್ತರ ಅಂತ ಬರೆದಿದ್ದೆವು. ಎಲ್ಲರಿಗೂ ಹಿಡಿಸಿತು. ಕೊನೆಗೆ ಮಾತಾಡಬೇಕಾದವರು ಮಾತಾಡಿದರು. "ಇದಕ್ಕೆ ನಾನು ಸಹಿ ಹಾಕಿದರೆ ಸುಳ್ಳು ಸಹಿ ಆಗುತ್ತೆ. ದರ ನಿಗದಿ ಆಡಳಿತ ಮಂಡಳಿಯದ್ದು. ಲೆಕ್ಕದ ಪದ್ಧತಿ ಬದಲಿಸಬೇಕಾದರೆ ಟಿಪ್ಪಣಿ ಎಂ.ಡಿ.ವರೆಗೂ ಹೋಗಬೇಕು. ಎರಡು ದಿನದಲ್ಲಿ ಕಡತ ನನ್ನ ಮೇಜನ್ನೇ ಬಿಟ್ಟಿರಲ್ಲ."

ಕೊಠಡಿ ಒಂದು ಕ್ಷಣ ಸುಮ್ಮನಾಯಿತು. ಆ ದಿನದ ಅತ್ಯಂತ ಬೆಲೆಬಾಳುವ ಮಾತು ಅದು. ತಂಡದ ಒಪ್ಪಂದ ತಂಡಕ್ಕೆ ಇಲ್ಲದ ಅಧಿಕಾರವನ್ನು ಹುಟ್ಟಿಸಲಾರದು. ಹಾಗೆ ಬರೆದುಕೊಂಡಿದ್ದರೆ ಮೊದಲ ಕಷ್ಟದಲ್ಲೇ ಕಾಗದ ಸೋಲುತ್ತಿತ್ತು, ಅದರ ಜೊತೆ ಉಳಿದ ನಿಯಮಗಳ ಮೇಲಿನ ನಂಬಿಕೆಯೂ ಹೋಗುತ್ತಿತ್ತು.

ಹಾಗಾಗಿ ವಿಷಯವನ್ನು ಒಡೆದೆವು. ದರ ನಮ್ಮ ತಂಡದ ವಿಷಯವೇ ಅಲ್ಲ. ದರಪಟ್ಟಿಯನ್ನು ಹೇಗೆ ಓದಬೇಕು ಅನ್ನುವುದು ಶೇಖರಣಾ ವಿಭಾಗದ್ದು, ಆದರೆ ಎಂ.ಡಿ. ಒಪ್ಪಿಗೆ ಬೇಕು. ಅದಕ್ಕೆ ಹತ್ತು ಕೆಲಸದ ದಿನ. ಅಷ್ಟರಲ್ಲಿ ಉತ್ತರ ಬರದಿದ್ದರೆ ಹಳೆಯ ನಿಯಮವೇ ಮುಂದುವರಿಯುತ್ತದೆ. ಹಣದ ವಿಷಯದಲ್ಲಿ ಮೌನ ಅಂದರೆ ಬೇಡ. ಸಾಫ್ಟ್‌ವೇರಿನ ಒಳಗಿನ ಸಣ್ಣ ವಿಷಯಗಳು ಡೆವಲಪರ್‌ಗಳದ್ದು. ಅವರು ತಿಳಿಸಿ, ಒಂದು ದಿನ ಕಾದು, ಯಾರೂ ತಡೆಯದಿದ್ದರೆ ಮುಂದುವರಿಯಬಹುದು. ಅಲ್ಲಿ ಮೌನ ಅಂದರೆ ಸರಿ. ಈ ಎರಡು ಮೌನಗಳನ್ನು ಬೇರೆ ಬೇರೆ ಮಾಡಿದ್ದು ನಮ್ಮ ಚಾರ್ಟರಿನ ಅತಿ ಉಪಯೋಗದ ಭಾಗ. ಎಲ್ಲದಕ್ಕೂ ಸ್ಪಷ್ಟ ಒಪ್ಪಿಗೆ ಬೇಕು ಅಂದಿದ್ದರೆ ಕೆಲಸ ನಿಲ್ಲುತ್ತಿತ್ತು. ಎಲ್ಲದಕ್ಕೂ ಮೌನ ಸಾಕು ಅಂದಿದ್ದರೆ ಮತ್ತೆ 3.8 ಮತ್ತು 3.9 ಆಗುತ್ತಿತ್ತು.

ಯಾವ ಊರು ಮೊದಲು, ಯಾವ ದಿನ ಅನ್ನುವುದನ್ನು ಎಲ್ಲರೂ ಸೇರಿ ನಿರ್ಧರಿಸಬೇಕು ಅಂತ ಬರೆದೆವು. ಆದರೆ 'ಎಲ್ಲರಿಗೂ ಇಷ್ಟ' ಆಗಬೇಕಿಲ್ಲ. ಕಾರಣ ಸಹಿತ ಆಕ್ಷೇಪ ಯಾರದ್ದೂ ಇಲ್ಲದಿದ್ದರೆ ಸಾಕು. ಒಂದೇ ಸಭೆಯಲ್ಲಿ ತೀರದಿದ್ದರೆ ಉಪ ವ್ಯವಸ್ಥಾಪಕರು ಹೇಳಿದ್ದು ಕೊನೆ. ಮತ್ತೆ ಒಂದು ಸಾಲು ದಪ್ಪಕ್ಷರದಲ್ಲಿ: ವಾಟ್ಸಾಪ್‌ನಲ್ಲಿ ಥಂಬ್ಸ್ ಅಪ್ ಅಂದರೆ 'ನೋಡಿದೆ' ಅಂತ ಮಾತ್ರ. ತೀರ್ಮಾನ ಅಂದರೆ ತೀರ್ಮಾನದ ಪುಸ್ತಕದಲ್ಲಿ ಬರೆದದ್ದು: ದಿನಾಂಕ, ಏನು, ಯಾರು, ಯಾಕೆ.

ಸಹಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆವು. ಹಿಂದಿನ ಹಂತದ ಮೂರು ಘಟನೆಗಳನ್ನು ತೆಗೆದುಕೊಂಡು, ಈ ಕಾಗದ ಆಗ ಇದ್ದಿದ್ದರೆ ಏನಾಗುತ್ತಿತ್ತು ಅಂತ ಹೆಜ್ಜೆ ಹೆಜ್ಜೆಯಾಗಿ ನಡೆದು ನೋಡಿದೆವು. ಫ್ಯಾಟ್ ಘಟನೆಯಲ್ಲೇ ತೂತು ಕಂಡಿತು. ಡೆವಲಪರ್‌ಗೆ ಅದು ಹಣದ ವಿಷಯ ಅಂತ ಅನ್ನಿಸಿರಲೇ ಇಲ್ಲ, ಅಂಕಿ ಕತ್ತರಿಸುವ ಸಣ್ಣ ತಾಂತ್ರಿಕ ವಿಷಯ ಅಂದುಕೊಂಡಿದ್ದ. ಹಾಗಾದರೆ ಅವನು ಮತ್ತೆ ತಪ್ಪು ಬಾಗಿಲಿಗೇ ಹೋಗುತ್ತಿದ್ದ. ಅದಕ್ಕೆ ಒಂದು ಸಾಲು ಸೇರಿಸಿದೆವು: "ಚೀಟಿಯಲ್ಲಿ ಅಥವಾ ಬಿಲ್ಲಿನಲ್ಲಿ ಒಂದು ಅಂಕಿ ಬದಲಾಗುವ ಯಾವುದೇ ವಿಷಯ ಹಣದ ವಿಷಯ." ಇಂಥ ಸಾಲು ಹೊಸದಾಗಿ ಯೋಚಿಸಿದರೆ ಹೊಳೆಯುವುದಿಲ್ಲ. ಹಳೆಯ ಗಾಯದ ಮೇಲೆ ಇಟ್ಟು ನೋಡಿದಾಗಲೇ ಬರುತ್ತದೆ.

ಏನಾಯಿತು

ಮೊದಲ ಫಲ ಬೇಗ ಬಂತು. ಅಂಕಿಯ ಟಿಪ್ಪಣಿ ಎಂ.ಡಿ. ಬಳಿಗೆ ಹೋಗಿ ಎಂಟನೇ ದಿನ ವಾಪಸ್ ಬಂತು. ಹತ್ತಿರದ ಅಂಕಿಗೆ ಏರಿಸುವ ಅಥವಾ ಇಳಿಸುವ ಪದ್ಧತಿ ಎಲ್ಲ ಕಡೆ, ಚೀಟಿಯಲ್ಲಿ ಅಚ್ಚಾದದ್ದೇ ಲೆಕ್ಕ. ನಮ್ಮ ಸಾಫ್ಟ್‌ವೇರ್ ತಾನಾಗಿ ಮತ್ತೆ ಲೆಕ್ಕ ಹಾಕುವುದನ್ನು ಬಿಟ್ಟು ಚೀಟಿಯ ಅಂಕಿಯನ್ನೇ ತೆಗೆದುಕೊಳ್ಳುವಂತೆ ಬದಲಿಸಿದೆವು. ಆ ಜಗಳ ಮತ್ತೆ ಬರಲಿಲ್ಲ.

ಎಲ್ಲವೂ ಹೀಗೆ ನಡೆಯಲಿಲ್ಲ. ಮೂರನೇ ವಾರ ಒಂದು ಊರಿನಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಸೆಕ್ರೆಟರಿ ಧೈರ್ಯವಾಗಿ ಕೈಚೀಟಿಗೆ ಹೋದರು, ಹಾಲು ಉಳಿಯಿತು. ಆದರೆ ಆ ಕೈಚೀಟಿಗಳನ್ನು ಕಂಪ್ಯೂಟರಿಗೆ ಸೇರಿಸುವುದು ಯಾರು? ಚಾರ್ಟರಿನಲ್ಲಿ ಇರಲಿಲ್ಲ. ಲೆಕ್ಕಪತ್ರದವರು ವಿಸ್ತರಣಾಧಿಕಾರಿಯ ಕೆಲಸ ಅಂದರು, ಅವರು ಸೆಕ್ರೆಟರಿಯ ಕೆಲಸ ಅಂದರು. ಆ ಊರಿನ ಹಣ ನಾಲ್ಕು ದಿನ ತಡವಾಯಿತು. ಮೂವತ್ತು ದಿನಕ್ಕೊಮ್ಮೆ ಚಾರ್ಟರನ್ನು ತೆರೆದು ನೋಡಬೇಕು ಅಂತ ಮೊದಲೇ ಬರೆದುಕೊಂಡಿದ್ದೆವು. ಆ ಸಭೆಯಲ್ಲಿ ಇದಕ್ಕೆ ಸಾಲು ಸೇರಿತು: ಸೆಕ್ರೆಟರಿ ಅದೇ ದಿನ ಚೀಟಿಗಳ ಫೋಟೋ ಕಳಿಸಬೇಕು, ಎರಡು ದಿನದೊಳಗೆ ವಿಸ್ತರಣಾಧಿಕಾರಿ ಸೇರಿಸಬೇಕು, ಲೆಕ್ಕಪತ್ರದವರು ತಾಳೆ ನೋಡಬೇಕು.

ಬೆಳಗಿನ ಪಾಳಿ ಐದನೇ ವಾರಕ್ಕೆ ಕುಸಿಯಿತು. ಇಬ್ಬರು ಡೆವಲಪರ್‌ಗಳು ಮೆಲ್ಲಗೆ ತಮ್ಮ ವಾರವನ್ನು ಟೆಸ್ಟರ್‌ಗೆ ಬಿಡುತ್ತಿದ್ದರು. ಅವಳು ಪಾಪ ಬೇಡ ಅನ್ನಲಿಲ್ಲ. ಮೂರು ಗಂಟೆಗೆ ಎದ್ದು ಹೋಗುವ ಮಾತನ್ನು ನಮ್ಮ ಕಂಪನಿಯಲ್ಲೇ ಯಾರೂ ಪಾಲಿಸಿರಲಿಲ್ಲ, ಮೂರೂವರೆಗೇ ಸಭೆ ಇಡುತ್ತಿದ್ದರು. ಆ ಸಭೆಗಳಲ್ಲಿ ಕೆಲವನ್ನು ಇಟ್ಟವಳು ನಾನೇ. ಅವಳಿಗೆ ಜ್ವರ ಬಂದು ಮಲಗಿದಾಗ ನಮಗೆ ಗೊತ್ತಾಯಿತು. ಭಾರ ಹೊರುವ ನಿಯಮ ಬರೆದಿದ್ದೆವು, ಭಾರ ಇಳಿಸುವ ನಿಯಮವನ್ನು ಕಾಯುವವರು ಇರಲಿಲ್ಲ. ಆಮೇಲೆ ಪಾಳಿಯವರ ಕ್ಯಾಲೆಂಡರನ್ನು ಮೂರು ಗಂಟೆಗೆ ಮುಚ್ಚುವುದು ನನ್ನ ಹೆಸರಿಗೆ ಬಂತು. ಪಾಳಿ ಬದಲಿಸಬೇಕಾದರೆ ನನಗೆ ಹೇಳಬೇಕು ಅಂತಲೂ ಆಯಿತು.

ಇನ್ನೊಂದು ಘಟನೆ ಹೆಚ್ಚು ಕಷ್ಟದ್ದು. ಒಬ್ಬ ನಿರ್ದೇಶಕರು ತಮ್ಮ ಊರಿನ ಡೇರಿಯನ್ನು ಮೊದಲು ಮಾಡಿ ಅಂತ ಒತ್ತಾಯ ತಂದರು. ಪಟ್ಟಿಯಲ್ಲಿ ಅದು ನಲವತ್ತೊಂದನೆಯದು. ಉಪ ವ್ಯವಸ್ಥಾಪಕರು ಒಂದು ವಾರ ತಡೆದರು, ಆಮೇಲೆ ಒಪ್ಪಿದರು. ಚಾರ್ಟರಿನ ಪ್ರಕಾರ ಅದು ಎಲ್ಲರೂ ಸೇರಿ ಮಾಡಬೇಕಾದ ತೀರ್ಮಾನ. ತಂಡಕ್ಕೆ ಬೇಜಾರಾಯಿತು. ಆದರೆ ಅವರು ಒಂದು ಕೆಲಸ ಮಾಡಿದರು. ತೀರ್ಮಾನದ ಪುಸ್ತಕ ತರಿಸಿ ತಮ್ಮ ಕೈಯಲ್ಲೇ ಬರೆದರು: "ಕ್ರಮ ಬದಲಾಯಿತು. ತೀರ್ಮಾನ ನನ್ನದು. ಕಾರಣ ಮೇಲಿನ ಒತ್ತಡ. ಇದರಿಂದ ಹಿಂದೆ ಬಿದ್ದ ಡೇರಿ 12ನೆಯದು." ಆ ಹನ್ನೆರಡನೆಯ ಡೇರಿಗೆ ತಾವೇ ಹೋಗಿ ಹೇಳಿದರು. ನಿಯಮ ಮುರಿಯಿತು, ಆದರೆ ಕತ್ತಲಲ್ಲಿ ಮುರಿಯಲಿಲ್ಲ. ಆಮೇಲೆ ಅಂಥ ಇನ್ನೆರಡು ಒತ್ತಡ ಬಂದಾಗ ಅವರು ಆ ಪುಟ ತೋರಿಸಿಯೇ ಬೇಡ ಅಂದರಂತೆ.

ನಾಲ್ಕನೇ ತಿಂಗಳಲ್ಲಿ ಯಂತ್ರದ ಎಂಜಿನಿಯರ್ ಬದಲಾದರು. ಹೊಸಬರಿಗೆ ಚಾರ್ಟರನ್ನು ಮೇಲ್ ಮಾಡಿದೆ, ಅವರು ಸಹಿ ಮಾಡಿ ಕಳಿಸಿದರು. ಹತ್ತೇ ದಿನದಲ್ಲಿ ಅವರು ಒಂದು ಥಂಬ್ಸ್ ಅಪ್ಪನ್ನು ಒಪ್ಪಿಗೆ ಅಂದುಕೊಂಡು ಮೂರು ಡೇರಿಗಳ ಚೀಟಿಯ ನಮೂನೆ ಬದಲಿಸಿದರು. ಓದಿ ಸಹಿ ಹಾಕುವುದು ಅಂದರೆ ಮತ್ತೆ ನನ್ನ ಮೊದಲ ಚಾರ್ಟರೇ. ಆಮೇಲೆ ಅವರ ಜೊತೆ ಒಂದು ಗಂಟೆ ಕೂತು, ಇದರಲ್ಲಿ ನಿಮಗೆ ಒಪ್ಪಲಾಗದ್ದು ಯಾವುದು ಅಂತ ಕೇಳಿದೆ. ಎರಡು ವಿಷಯ ಹೇಳಿದರು, ಒಂದನ್ನು ಬದಲಿಸಿದೆವು.

ಆರು ತಿಂಗಳ ಕೊನೆಗೆ ನಮ್ಮ ಲೆಕ್ಕದಲ್ಲಿ ಮುಗಿದ ಡೇರಿಗಳು 52. ಯಂತ್ರ ಕೂತದ್ದು 58 ಕಡೆ. ಹಳೆಯ ಉದ್ದೇಶವಿದ್ದಿದ್ದರೆ ನಾವು 58 ಅಂತ ವರದಿ ಕೊಡುತ್ತಿದ್ದೆವು. ಮೇಲಿನವರು 52 ಯಾಕೆ ಅಂತ ಕೇಳಿದಾಗ ಲೆಕ್ಕಪತ್ರದವರೇ ಎದ್ದು ಉತ್ತರ ಕೊಟ್ಟರು. ಉಳಿದ ಎಂಟು ಮುಂದಿನ ಎರಡು ತಿಂಗಳಲ್ಲಿ ಮುಗಿದವು.

ಈಗ ಹಿಂತಿರುಗಿ ನೋಡಿದಾಗ

2009ರಲ್ಲಿ ಜಾನ್ ಮ್ಯಾಥ್ಯೂ ಮತ್ತು ಟ್ಯಾಮಿ ರ‍್ಯಾಪ್ ಎಂಬಿಎ ವಿದ್ಯಾರ್ಥಿಗಳ 32 ತಂಡಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಚಾರ್ಟರ್ ಇದೆಯೋ ಇಲ್ಲವೋ ಅನ್ನುವುದಲ್ಲ, ಅದರ ಗುಣಮಟ್ಟ ಹೇಗಿತ್ತು, ಜೊತೆಗೆ ಕೆಲಸದ ಯೋಜನೆ ಹೇಗಿತ್ತು ಅಂತ ಅವರು ನೋಡಿದ್ದರು. ಎರಡೂ ಚೆನ್ನಾಗಿದ್ದ ತಂಡಗಳು ಮುಂದೆ ಹೋದವು. ನನ್ನ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟಾಗ ಅದೇ ಕಾಣುತ್ತದೆ. ಮೊದಲನೆಯದರ ಯಾವ ಸಾಲಿಗೂ ಯಾರೂ ಬೇಡ ಅನ್ನಲಾರರು. ಗೌರವ ಬೇಡ ಅನ್ನುವವರು ಯಾರು? ಎರಡನೆಯದರ ಹೆಚ್ಚಿನ ಸಾಲುಗಳಿಗೆ ಯಾರೋ ಒಬ್ಬರು ಮೊದಲು ಬೇಡ ಅಂದಿದ್ದರು. ಈಗ ಯಾವ ತಂಡದ ಕರಡು ನೋಡಿದರೂ ನಾನು ಮೊದಲು ಹುಡುಕುವುದು ಅದನ್ನೇ: ಯಾವ ಸಾಲಿಗೆ ಯಾರು ತಕರಾರು ಮಾಡಿದರು?

ಅಂತಹ ಚಾರ್ಟರಿಗೆ ಬೆಲೆಯೂ ಇದೆ. ಎಂಟು ಸಂದರ್ಶನ, ಇಡೀ ಒಂದು ದಿನದ ಸಭೆ, ತಿಂಗಳಿಗೊಂದು ಮರುನೋಟ. ಒಂದೇ ಕಚೇರಿಯಲ್ಲಿ ವರ್ಷಗಳಿಂದ ಕೂಡಿ ಕೆಲಸ ಮಾಡುವ ನಾಲ್ಕು ಜನರಿಗೆ ನಾನು ಇಷ್ಟು ಮಾಡಿಸುವುದಿಲ್ಲ. ತೀರ್ಮಾನದ ಕೋಷ್ಟಕ ಒಂದನ್ನೇ ಮಾಡಿಸುತ್ತೇನೆ.

ಒಂದು ತಪ್ಪು ಬಹಳ ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಡೀ ಚಾರ್ಟರ್ ಸೆಕ್ರೆಟರಿಗಳ ಭುಜದ ಮೇಲೆ ನಿಂತಿತ್ತು, ಆದರೆ ಕಿಕಾಫ್ ಕೊಠಡಿಯಲ್ಲಿ ಒಬ್ಬ ಸೆಕ್ರೆಟರಿಯೂ ಇರಲಿಲ್ಲ. ಎರಡನೇ ಮರುನೋಟದ ಸಭೆಗೆ ಇಬ್ಬರನ್ನು ಕರೆದೆವು. ಅವರಲ್ಲಿ ಹಿರಿಯರು ಕಾಗದವನ್ನು ನಿಧಾನವಾಗಿ ಓದಿ, ಹತ್ತು ನಿಮಿಷ ಅನ್ನುವ ಕಡೆ ಬೆರಳಿಟ್ಟರು. "ಇದು ಜಾಸ್ತಿ ಆಯ್ತು ಮೇಡಂ. ಏಳೂವರೆ ಆದ ಮೇಲೆ ಯಂತ್ರ ನಿಂತರೆ ಹತ್ತು ನಿಮಿಷ ಕಾಯೋಕೆ ಆಗಲ್ಲ. ಕ್ಯಾನ್ ಗಾಡಿ ಬಂದು ನಿಂತಿರುತ್ತೆ." ಗಾಡಿ ಹೊರಟುಹೋದರೆ ಆ ಹೊತ್ತಿನ ಹಾಲು ಅಲ್ಲೇ ಉಳಿಯುತ್ತದೆ. ನಮ್ಮ ಒಂಬತ್ತು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅವತ್ತೇ ಹತ್ತನ್ನು ಹೊಡೆದು, ಗಾಡಿ ಬರುವ ಅರ್ಧ ಗಂಟೆ ಮೊದಲಿನಿಂದ ಮೂರು ನಿಮಿಷ ಅಂತ ಬರೆದೆವು. ಪಕ್ಕದಲ್ಲಿ ಅವರಿಬ್ಬರ ಸಹಿಯನ್ನೂ ಹಾಕಿಸಿಕೊಂಡೆವು.